ಓ ಗುಂಪಿನ ತಾಯಿಗೆ ಓ ರಕ್ತವೇ ಹೊಂದದಿದ್ದರೆ

ಪ್ರಶ್ನೆ: ನನ್ನ ತಾಯಿಗೆ 46 ವರ್ಷ. ಗರ್ಭಕೋಶದಲ್ಲಿ ಗಡ್ಡೆಗಳಿದ್ದು ತಿಂಗಳ ಸ್ರಾವ ವಿಪರೀತವಾಗಿದೆ, ಹಿಮೋಗ್ಲೋಬಿನ್ 8.6ಕ್ಕೆ ಇಳಿದಿದೆ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ಎರಡು ಯೂನಿಟ್ ರಕ್ತ ಸಿದ್ಧವಿರಲಿ ಎಂದರು. ಹೆರಿಗೆಯ ಕಾಲದಿಂದಲೂ ಅಮ್ಮನ ಚೀಟಿಯಲ್ಲಿ ಓ ಪಾಸಿಟಿವ್ ಎಂದೇ ಇದೆ. ಆದರೆ ರಕ್ತನಿಧಿಯಲ್ಲಿ ಆರು ಓ ಪಾಸಿಟಿವ್ ಚೀಲಗಳನ್ನು ಪರೀಕ್ಷಿಸಿದರೂ ಒಂದೂ ಹೊಂದಲಿಲ್ಲ. ‘ಬಾಂಬೆ ಗುಂಪು ಇರಬಹುದು’ ಎಂದಿದ್ದಾರೆ. ಅಪ್ಪ ಓ ಪಾಸಿಟಿವ್, ನಾನು ಬಿ ಪಾಸಿಟಿವ್, ತಮ್ಮ ಓ ಪಾಸಿಟಿವ್. ಓ ಗುಂಪಿನ ದಂಪತಿಗೆ ಬಿ ಗುಂಪಿನ ಮಗು ಹುಟ್ಟುವುದಿಲ್ಲ ಎಂದು ಸಂಬಂಧಿಕರೊಬ್ಬರು ಆಡಿದ ಮಾತು ಮನೆಯಲ್ಲಿ ತುಂಬ ನೋವು ತಂದಿದೆ. ನನ್ನ ಅಥವಾ ತಮ್ಮನ ರಕ್ತ ಕೊಡಬಹುದೇ? ಓ ನೆಗೆಟಿವ್ ಎಲ್ಲರಿಗೂ ಆಗುತ್ತದಲ್ಲವೇ, ಅದನ್ನೇ ತರಿಸಿದರೆ? — ಓದುಗಿ, ಶಿರಸಿ

ಉತ್ತರ: ನೋವು ತಂದ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ತಾಯಿಯದು ಬಾಂಬೆ ಗುಂಪು ಎಂದು ಖಚಿತವಾದರೆ, ಅವರಿಗೂ ಓ ಗುಂಪಿನ ನಿಮ್ಮ ತಂದೆಗೂ ಬಿ ಗುಂಪಿನ ಮಗಳು ಹುಟ್ಟುವುದರಲ್ಲಿ ಅಸಹಜವಾದದ್ದು ಏನೂ ಇಲ್ಲ. ನಿಮ್ಮ ಮನೆಯ ನಾಲ್ವರ ಗುಂಪುಗಳು ಆ ಲೆಕ್ಕಕ್ಕೆ ಸರಿಯಾಗಿ ಕೂಡುತ್ತವೆ. ಆ ಸಂಬಂಧಿಕರಿಗೆ ಇದನ್ನು ಓದಿಸಿ.

ಎ, ಬಿ, ಓ ಎಂದು ನಾವು ಕರೆಯುವುದು ಕೆಂಪು ರಕ್ತಕಣದ ಮೈಮೇಲಿರುವ ಸಕ್ಕರೆಯ ಸರಪಣಿಗಳ ತುದಿಯನ್ನು. ಸರಪಣಿಯ ತುದಿಗೆ ಮೊದಲು ಫ್ಯೂಕೋಸ್ ಎಂಬ ಸಕ್ಕರೆ ಸೇರುತ್ತದೆ. ಹಾಗೆ ಸಿದ್ಧವಾದದ್ದಕ್ಕೆ ಎಚ್ ಪ್ರತಿಜನಕ ಎಂದು ಹೆಸರು. ಎ ವಂಶವಾಹಿ ಇದ್ದವರಲ್ಲಿ ಈ ಎಚ್ ಮೇಲೆ ಒಂದು ಬಗೆಯ ಸಕ್ಕರೆ ಕೂರುತ್ತದೆ, ಬಿ ಇದ್ದವರಲ್ಲಿ ಇನ್ನೊಂದು ಬಗೆಯದು. ಎರಡೂ ಇಲ್ಲದವರಲ್ಲಿ ಎಚ್ ಹಾಗೆಯೇ ಉಳಿಯುತ್ತದೆ, ಅವರೇ ಓ ಗುಂಪಿನವರು. ಅಂದರೆ ಓ ಕಣವು ಏನೂ ಇಲ್ಲದ ಬೋಳು ಕಣವಲ್ಲ. ಎಲ್ಲ ಗುಂಪುಗಳಲ್ಲಿ ಅತಿ ಹೆಚ್ಚು ಎಚ್ ಇರುವುದು ಅದರ ಮೇಲೆಯೇ.

ಎಚ್ ತಯಾರಿಸುವ ವಂಶವಾಹಿ 19ನೇ ವರ್ಣತಂತುವಿನಲ್ಲಿದೆ, ಎ ಮತ್ತು ಬಿ ವಂಶವಾಹಿಗಳು 9ನೇ ವರ್ಣತಂತುವಿನಲ್ಲಿವೆ. ಎರಡೂ ಬೇರೆ ಬೇರೆಯಾಗಿ ಮಕ್ಕಳಿಗೆ ಬರುತ್ತವೆ. ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಎಚ್ ಪ್ರತಿಯೇ ಬಂದವರಲ್ಲಿ ಎಚ್ ತಯಾರಾಗುವುದೇ ಇಲ್ಲ. ಅಂಥವರಲ್ಲಿ ಬಿ ವಂಶವಾಹಿ ಚೆನ್ನಾಗಿಯೇ ಇದ್ದರೂ ಅದರ ಸಕ್ಕರೆ ಕೂರಲು ಜಾಗವಿಲ್ಲ. ಗೋಡೆಯೇ ಇಲ್ಲದ ಮೇಲೆ ಬಣ್ಣ ಬಳಿಯುವುದೆಲ್ಲಿ? ಮೇಲುನೋಟದ ಪರೀಕ್ಷೆಯಲ್ಲಿ ಎ ಇಲ್ಲ, ಬಿ ಇಲ್ಲ ಎಂದು ಕಾಣುವುದರಿಂದ ಚೀಟಿಯಲ್ಲಿ ‘ಓ’ ಎಂದು ಬರೆದುಬಿಡುತ್ತಾರೆ. 1952ರಲ್ಲಿ ಮುಂಬೈಯ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇಂಥವರನ್ನು ಮೊದಲ ಬಾರಿಗೆ ಗುರುತಿಸಿ ವರದಿ ಮಾಡಿದರು. ಬಾಂಬೆ ಗುಂಪು ಎಂಬ ಹೆಸರು ಬಂದದ್ದು ಅಲ್ಲಿಂದ. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಸಿಗುತ್ತಾರೆ ಎನ್ನುವುದು ಸಾಮಾನ್ಯ ಅಂದಾಜು. ಇದು ರೋಗವಲ್ಲ. ರಕ್ತ ಬೇಕಾಗುವ ದಿನದವರೆಗೆ ಇದರಿಂದ ಯಾವ ತೊಂದರೆಯೂ ಇಲ್ಲ.

ಈಗ ನಿಮ್ಮ ಮನೆಯ ಲೆಕ್ಕ. ನೀವು ಬಿ. ನಿಮ್ಮ ತಂದೆ ಓ ಆದ್ದರಿಂದ ಬಿ ವಂಶವಾಹಿ ಅವರಿಂದ ಬಂದಿರಲಾರದು, ಬಂದದ್ದು ತಾಯಿಯಿಂದ. ಅವರಲ್ಲಿ ಎಚ್ ಇಲ್ಲದ ಕಾರಣ ಅದು ಮರೆಯಲ್ಲಿತ್ತು. ತಂದೆ ನಿಮಗೆ ಒಳ್ಳೆಯ ಎಚ್ ಪ್ರತಿಯನ್ನು ಕೊಟ್ಟರು, ಅದರ ಮೇಲೆ ತಾಯಿಯ ಬಿ ಕುಳಿತು ಕಾಣಿಸಿಕೊಂಡಿತು. ನಿಮ್ಮ ತಮ್ಮನದು ನಿಜವಾದ ಓ ಆಗಿದ್ದರೆ ತಾಯಿಯಲ್ಲಿ ಒಂದು ಬಿ ಮತ್ತು ಒಂದು ಓ ಪ್ರತಿ ಇರಬೇಕು. ಅವನಿಗೆ ಓ ಹೋಯಿತು, ನಿಮಗೆ ಬಿ ಬಂತು. ನಿಮ್ಮ ಬಿ ಗುಂಪು ನಿಮ್ಮ ತಾಯಿಯದೇ ಕೊಡುಗೆ.

ಹಾಗಾದರೆ ಆರು ಚೀಲ ಓ ರಕ್ತ ಏಕೆ ಹೊಂದಲಿಲ್ಲ? ರಕ್ತ ಹೊಂದುತ್ತದೆಯೇ ಎನ್ನುವಾಗ ನಾವು ಕೇಳುವುದು ಇಬ್ಬರ ಗುಂಪಿನ ಹೆಸರು ಒಂದೇ ಆಗಿದೆಯೇ ಎಂದಲ್ಲ. ಪಡೆಯುವವರ ರಕ್ತದ್ರವದಲ್ಲಿ ಯಾವ ಪ್ರತಿಕಾಯಗಳಿವೆ, ಕೊಡುವವರ ಕಣದ ಮೇಲೆ ಅವಕ್ಕೆ ಗುರಿ ಇದೆಯೇ ಎಂದು ಕೇಳುತ್ತೇವೆ. ಎ, ಬಿ, ಎಚ್ ವಿಷಯದಲ್ಲಿ ಈ ಪ್ರತಿಕಾಯಗಳು ಹಿಂದೆಂದೂ ರಕ್ತ ಪಡೆಯದವರಲ್ಲಿಯೂ ತಾವಾಗಿಯೇ ಇರುತ್ತವೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೂ ಇವೇ ಬಗೆಯ ಸಕ್ಕರೆಗಳಿವೆ. ಮಗುವಿಗೆ ಮೂರರಿಂದ ಆರು ತಿಂಗಳಾಗುವ ಹೊತ್ತಿಗೆ ದೇಹ ಆ ಸಕ್ಕರೆಗಳ ವಿರುದ್ಧ ಪ್ರತಿಕಾಯ ತಯಾರಿಸಲು ತೊಡಗುತ್ತದೆ. ತನ್ನ ಕಣಗಳ ಮೇಲಿರುವ ಸಕ್ಕರೆಯನ್ನು ಮಾತ್ರ ಬಿಟ್ಟುಬಿಡುತ್ತದೆ. ಎ ಗುಂಪಿನವರಲ್ಲಿ ಬಿ ವಿರುದ್ಧ, ಬಿ ಗುಂಪಿನವರಲ್ಲಿ ಎ ವಿರುದ್ಧ, ಓ ಗುಂಪಿನವರಲ್ಲಿ ಎರಡರ ವಿರುದ್ಧವೂ ಪ್ರತಿಕಾಯ ಇರುವುದು ಹೀಗೆ. ನಿಮ್ಮ ತಾಯಿಯ ಕಣಗಳ ಮೇಲೆ ಎ, ಬಿ, ಎಚ್ ಮೂರೂ ಇಲ್ಲ. ಆದ್ದರಿಂದ ಅವರಲ್ಲಿ ಮೂರರ ವಿರುದ್ಧವೂ ಪ್ರತಿಕಾಯ ಇರುತ್ತದೆ, ಅದೂ ಶೈಶವದಿಂದಲೇ.

ಬಿ ಗುಂಪಿನ ನಾನು ಅಮ್ಮನ ಹೊಟ್ಟೆಯಲ್ಲಿ ಹೇಗೆ ಸುರಕ್ಷಿತವಾಗಿದ್ದೆ ಎಂದು ನಿಮಗೆ ಅನ್ನಿಸಬಹುದು. ಈ ಸಹಜ ಪ್ರತಿಕಾಯಗಳಲ್ಲಿ ಹೆಚ್ಚಿನವು ಐಜಿಎಂ ಎಂಬ ದೊಡ್ಡ ಗಾತ್ರದವು, ಮಾಸು ಅವುಗಳನ್ನು ಒಳಗೆ ಬಿಡುವುದಿಲ್ಲ. ಅಲ್ಲದೆ ಗರ್ಭದಲ್ಲಿರುವ ಮಗುವಿನ ಕಣಗಳ ಮೇಲೆ ಈ ಸಕ್ಕರೆಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ.

ಆದರೆ ರಕ್ತನಾಳಕ್ಕೆ ನೇರವಾಗಿ ಓ ರಕ್ತ ಹೋದರೆ ಯಾವ ತಡೆಯೂ ಇಲ್ಲ. ಪ್ರತಿಕಾಯಗಳು ಬಂದ ಕಣಗಳನ್ನು ಹಿಡಿದು, ರಕ್ತದಲ್ಲೇ ಇರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಕೆರಳಿಸಿ, ನಾಳದೊಳಗೇ ಕಣಗಳನ್ನು ಒಡೆಯುತ್ತವೆ. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ದಾರಿತಪ್ಪುತ್ತದೆ. ಇದಕ್ಕೆ ಇಡೀ ಚೀಲ ಬೇಕಿಲ್ಲ, 30ರಿಂದ 50 ಮಿಲಿಲೀಟರ್ ಸಾಕು. ಯಾರಿಗೇ ರಕ್ತ ಕೊಡುವಾಗಲೂ ಮೊದಲ 15 ನಿಮಿಷ ನಿಧಾನವಾಗಿ ಹರಿಸಿ ಪಕ್ಕದಲ್ಲೇ ನಿಂತು ನೋಡಬೇಕು ಎನ್ನುವುದು ಇದಕ್ಕಾಗಿಯೇ. ಎಚ್ಚರದಲ್ಲಿರುವ ರೋಗಿ ಚಳಿ, ನಡುಕ, ಸೊಂಟನೋವು, ಸೂಜಿ ಚುಚ್ಚಿದ ಕೈಯುದ್ದಕ್ಕೂ ಉರಿ ಎನ್ನುತ್ತಾರೆ. ಅರಿವಳಿಕೆಯಲ್ಲಿರುವವರು ಏನನ್ನೂ ಹೇಳಲಾರರು. ಅವರಲ್ಲಿ ಮೂತ್ರ ಕೆಂಪಾಗುವುದು, ಗಾಯದ ಅಂಚಿನಿಂದ ರಕ್ತ ಜಿನುಗುತ್ತಲೇ ಇರುವುದು, ಕಾರಣ ಕಾಣದೆ ರಕ್ತದೊತ್ತಡ ಇಳಿಯುವುದು, ಇವಷ್ಟೇ ಸುಳಿವು. ನಿಮ್ಮ ತಾಯಿಯ ರಕ್ತವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ದಾನಿಯ ಕಣಗಳೊಂದಿಗೆ ಬೆರೆಸಿ ನೋಡಿದ್ದು, ಅಂದರೆ ಕ್ರಾಸ್ ಮ್ಯಾಚ್ ಮಾಡಿದ್ದು, ಬಹಳ ಒಳ್ಳೆಯದಾಯಿತು. ಚೀಟಿಯ ‘ಓ ಪಾಸಿಟಿವ್’ ನಂಬಿ ಮೇಜಿನ ಮೇಲೆ ರಕ್ತ ಏರಿಸಿದ್ದರೆ ಅನಾಹುತವಾಗುತ್ತಿತ್ತು.

ಓ ನೆಗೆಟಿವ್ ತರಿಸಿದರೆ ಆಗದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನೆಗೆಟಿವ್ ಎಂದರೆ ಆರ್‌ಎಚ್ ಗುಂಪಿನ ಡಿ ಎಂಬ ಪ್ರೋಟೀನು ಕಣದ ಮೇಲೆ ಇಲ್ಲ ಎಂದಷ್ಟೇ ಅರ್ಥ. ಎಚ್ ಅಲ್ಲಿ ಪೂರ್ತಿಯಾಗಿಯೇ ಇದೆ. ಓ ನೆಗೆಟಿವ್ ಎಲ್ಲರಿಗೂ ಆಗುತ್ತದೆ ಎಂಬ ಮಾತು ಎಚ್ ಇರುವ ಎಲ್ಲರಿಗೆ, ಅದೂ ಬೇರೆ ಪ್ರತಿಕಾಯಗಳಿಲ್ಲದಿದ್ದರೆ, ಅನ್ವಯಿಸುತ್ತದೆ. ನಿಮ್ಮ ತಾಯಿಗೆ ಅನ್ವಯಿಸುವುದಿಲ್ಲ.

ಡಿ ವಿಷಯದ ತರ್ಕ ಬೇರೆಯೇ ಆಗಿರುವುದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳಬೇಕು. ಡಿ ಸಕ್ಕರೆಯಲ್ಲ, ಪ್ರೋಟೀನು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಅದರಂಥದ್ದು ಇಲ್ಲ. ಹಾಗಾಗಿ ನೆಗೆಟಿವ್ ಗುಂಪಿನವರಲ್ಲಿ ಡಿ ವಿರುದ್ಧದ ಪ್ರತಿಕಾಯ ಹುಟ್ಟಿನಿಂದ ಬರುವುದಿಲ್ಲ. ಪಾಸಿಟಿವ್ ರಕ್ತ ಪಡೆದಾಗಲೋ ಪಾಸಿಟಿವ್ ಮಗುವನ್ನು ಹೆತ್ತಾಗಲೋ ದೇಹ ಅದನ್ನು ವಾರಗಟ್ಟಲೆ ಸಮಯ ತೆಗೆದುಕೊಂಡು ಕಲಿಯುತ್ತದೆ. ತೊಂದರೆ ಬರುವುದು ಮುಂದಿನ ಸಲ. ಆದ್ದರಿಂದ, ಡಿ ಪ್ರತಿಕಾಯ ಇನ್ನೂ ಹುಟ್ಟಿಲ್ಲ ಎಂದು ನೋಡಿಕೊಂಡು, ನೆಗೆಟಿವ್ ಗುಂಪಿನ ವಯಸ್ಸಾದವರಿಗೆ ಪ್ರಾಣಾಪಾಯದಲ್ಲಿ ಪಾಸಿಟಿವ್ ರಕ್ತ ಕೊಡುವುದುಂಟು. ಎ, ಬಿ, ಎಚ್ ವಿಷಯದಲ್ಲಿ ಇಂಥ ಅವಕಾಶವೇ ಇಲ್ಲ, ಮೊದಲ ಸಲವೇ ಅಪಾಯ. ನಿಮ್ಮ ತಾಯಿ ಡಿ ಪಾಸಿಟಿವ್. ಆದ್ದರಿಂದ ಬಾಂಬೆ ಪಾಸಿಟಿವ್ ಸಿಕ್ಕರೂ ಸರಿ, ಬಾಂಬೆ ನೆಗೆಟಿವ್ ಸಿಕ್ಕರೂ ಸರಿ. ಹುಡುಕುವಾಗ ಈ ಕಾರಣಕ್ಕೆ ಯಾರನ್ನೂ ಬಿಡಬೇಡಿ.

‘ಇರಬಹುದು’ ಎಂದಷ್ಟೇ ಹೇಳಿದ್ದಾರೆಂದು ಬರೆದಿದ್ದೀರಿ. ಅದನ್ನು ‘ಹೌದು’ ಅಥವಾ ‘ಅಲ್ಲ’ ಮಾಡಿಕೊಳ್ಳುವುದು ಮುಂದಿನ ಹೆಜ್ಜೆ, ಏಕೆಂದರೆ ಆರೂ ಚೀಲ ಹೊಂದದಿರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತಕ್ಕೆ ನೀಲಿ ಬಣ್ಣದ ಎ ದ್ರಾವಣ, ಹಳದಿ ಬಣ್ಣದ ಬಿ ದ್ರಾವಣ ಬೆರೆಸಿ ಮುದ್ದೆಗಟ್ಟುತ್ತದೆಯೇ ಎಂದು ನೋಡುವುದು ಅರ್ಧ ಪರೀಕ್ಷೆ. ಹೆರಿಗೆಯ ಕಾಲದಲ್ಲಿ ನಿಮ್ಮ ತಾಯಿಗೆ ಆದದ್ದು ಬಹುಶಃ ಇಷ್ಟೇ. ಉಳಿದರ್ಧದಲ್ಲಿ ರೋಗಿಯ ರಕ್ತದ್ರವವನ್ನು ಮೂರು ನಳಿಕೆಗಳಿಗೆ ಹಾಕಿ, ಗುಂಪು ಗೊತ್ತಿರುವ ಎ, ಬಿ, ಓ ಕಣಗಳನ್ನು ಒಂದೊಂದಕ್ಕೆ ಸೇರಿಸಿ, ಯಂತ್ರದಲ್ಲಿ ತಿರುಗಿಸುತ್ತೇವೆ. ಕಣಗಳು ತಳದಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ನಳಿಕೆಯನ್ನು ಮೆಲ್ಲನೆ ಅಲುಗಿಸಿದಾಗ ಆ ಗುಂಡಿ ಹೊಗೆಯೆದ್ದ ಹಾಗೆ ಕರಗಿ ಹರಡಿದರೆ ಪ್ರತಿಕಾಯ ಇಲ್ಲ. ಇಡಿಯಾಗಿ ಒಂದೇ ಮುದ್ದೆಯಾಗಿ ಕಳಚಿಕೊಂಡರೆ ಬಲವಾದ ಪ್ರತಿಕಾಯ ಇದೆ. ಸಾಮಾನ್ಯ ಓ ಗುಂಪಿನವರಲ್ಲಿ ಮೊದಲ ಎರಡು ನಳಿಕೆಗಳಲ್ಲಿ ಮುದ್ದೆ ಏಳುತ್ತದೆ, ಮೂರನೆಯದು ಕರಗುತ್ತದೆ. ಬಾಂಬೆ ಗುಂಪಿನವರಲ್ಲಿ ಮೂರರಲ್ಲೂ ಮುದ್ದೆ. ಮೂರನೆಯ ನಳಿಕೆಯನ್ನು ಹಾಕದ ಕಡೆ ಬಾಂಬೆ ಗುಂಪು ಕಣ್ತಪ್ಪಿ ಹೋಗುತ್ತದೆ. ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡದ್ದು ಇದನ್ನೇ, ಇದು ನನಗೆ ತುಂಬ ಬೇಸರ ತರಿಸುವ ಸಂಗತಿ.

ಮೂರನೆಯ ನಳಿಕೆಯ ಮುದ್ದೆಗೆ ಶೀತದಲ್ಲಿ ಮಾತ್ರ ಕೆಲಸ ಮಾಡುವ ನಿರಪಾಯದ ಪ್ರತಿಕಾಯವೋ ಬೇರೆ ಯಾವುದೋ ಗುಂಪಿನ ವಿರುದ್ಧದ ಪ್ರತಿಕಾಯವೋ ಕಾರಣವಿರಬಹುದು. ಹಾಗಾಗಿ ನಿಮ್ಮ ತಾಯಿಯ ಕಣಗಳ ಮೇಲೆ ಎಚ್ ಇದೆಯೇ ಎಂದು ನೇರವಾಗಿ ನೋಡಬೇಕು. ಯೂಲೆಕ್ಸ್ ಎಂಬ ಗಿಡದ ಬೀಜದಿಂದ ತೆಗೆದ ಎಚ್ ಲೆಕ್ಟಿನ್ ದ್ರಾವಣ ಅದಕ್ಕಿದೆ. ಸಾಮಾನ್ಯ ಓ ಕಣ ಅದರಲ್ಲಿ ಗಟ್ಟಿಯಾಗಿ ಮುದ್ದೆಗಟ್ಟುತ್ತದೆ, ಬಾಂಬೆ ಕಣ ಸುಮ್ಮನಿರುತ್ತದೆ. ಎಲ್ಲ ರಕ್ತನಿಧಿಗಳಲ್ಲಿ ಈ ದ್ರಾವಣ ಇರುವುದಿಲ್ಲ. ಇಲ್ಲದಿದ್ದರೆ ಮಾದರಿಯನ್ನು ವೈದ್ಯಕೀಯ ಕಾಲೇಜಿನ ರಕ್ತನಿಧಿಗೋ ಮುಂಬೈಯ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಗೋ ಕಳುಹಿಸಬಹುದು.

ನಿಮ್ಮ ರಕ್ತ ಆಗುವುದಿಲ್ಲ. ಇದಕ್ಕೆ ಪರೀಕ್ಷೆಯೂ ಬೇಕಿಲ್ಲ. ನೀವು ತಂದೆಯಿಂದ ಒಳ್ಳೆಯ ಎಚ್ ಪಡೆದಿದ್ದೀರಿ, ನಿಮ್ಮ ಕಣಗಳ ಮೇಲೆ ಬಿ ಮತ್ತು ಎಚ್ ಇದ್ದೇ ಇವೆ. ತಮ್ಮನದು ನಿಜವಾದ ಓ ಆಗಿದ್ದರೆ ಅದರಲ್ಲಂತೂ ಎಚ್ ಹೇರಳ, ಅದೂ ಆಗುವುದಿಲ್ಲ. ಆದರೆ ತಂದೆಯೂ ಒಂದು ಕೆಟ್ಟ ಎಚ್ ಪ್ರತಿ ಹೊತ್ತವರಾಗಿದ್ದರೆ ತಮ್ಮನ ‘ಓ’ ಕೂಡ ಬಾಂಬೆ ಆಗಿರಬಹುದು, ಆದ್ದರಿಂದ ಅವನಿಗೂ ಎಚ್ ಲೆಕ್ಟಿನ್ ಪರೀಕ್ಷೆ ಮಾಡಿಸಿ. ಮಗಳು ಕೊಡಲಾರಳು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟವೆಂದು ನನಗೆ ಗೊತ್ತು. ಕೊಡಬಲ್ಲವರು ನಿಮ್ಮ ತಾಯಿಯ ಒಡಹುಟ್ಟಿದವರಲ್ಲೂ ಇರಬಹುದು. ಅಜ್ಜ ಅಜ್ಜಿ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತ ಸಾಮಾನ್ಯ ಗುಂಪಿನವರಾಗಿದ್ದರೆ ಅವರ ಪ್ರತಿ ಮಗುವಿಗೂ ಬಾಂಬೆ ಗುಂಪು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಮನೆತನಗಳಲ್ಲಿ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರುವುದು ಹೆಚ್ಚು. ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವಂದಿರ ಚೀಟಿಗಳಲ್ಲೂ ‘ಓ’ ಎಂದೇ ಇರಬಹುದು. ‘ಓ’ ಎಂದಿರುವವರೆಲ್ಲರನ್ನೂ ಎಚ್ ಲೆಕ್ಟಿನ್ ಪರೀಕ್ಷೆಗೆ ಕರೆದೊಯ್ಯಿರಿ.

ಶಸ್ತ್ರಚಿಕಿತ್ಸೆಯ ವಿಚಾರಕ್ಕೆ ಬರೋಣ. ತುರ್ತು ಇಲ್ಲದಿರುವುದು ನಿಮ್ಮ ಪಾಲಿನ ದೊಡ್ಡ ಅನುಕೂಲ. 8.6 ಹಿಮೋಗ್ಲೋಬಿನ್ ಇಟ್ಟುಕೊಂಡು ಅಪರೂಪದ ರಕ್ತಕ್ಕಾಗಿ ಓಡಾಡುವ ಬದಲು ಆ 8.6ನ್ನೇ ಮೇಲೆತ್ತುವುದು ಮೊದಲ ಕೆಲಸ. ಮಾತ್ರೆ, ಚುಚ್ಚುಮದ್ದು ಅಥವಾ ಹಾರ್ಮೋನ್ ಇರುವ ವಂಕಿಯಿಂದ ಸ್ರಾವ ತಗ್ಗಿಸಬಹುದೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಿ. ಕೊರತೆ ಕಬ್ಬಿಣಾಂಶದ್ದೇ ಆಗಿದ್ದರೆ ನಾಳದ ಮೂಲಕ ಕಬ್ಬಿಣ ಕೊಡಿಸಿ. ಸ್ರಾವ ಹಿಡಿತಕ್ಕೆ ಬಂದರೆ ಮೂರು ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಸುಮಾರು ಎರಡು ಗ್ರಾಂ ಏರುವುದನ್ನು ನಿರೀಕ್ಷಿಸಬಹುದು. ಒಂದು ಯೂನಿಟ್ ರಕ್ತ ಏರಿಸುವುದು ಹೆಚ್ಚುಕಡಿಮೆ ಒಂದು ಗ್ರಾಂ. ಹಾಗೆ ನೋಡಿದರೆ ವೈದ್ಯರು ಕೇಳಿದ ಎರಡು ಯೂನಿಟ್‌ಗಳ ಕೆಲಸವನ್ನು ಕಬ್ಬಿಣವೇ ಮಾಡಿಕೊಡುತ್ತದೆ.

ಹಿಮೋಗ್ಲೋಬಿನ್ 11 ದಾಟಿದರೆ ಅವರ ರಕ್ತವನ್ನೇ ಮುಂಚಿತವಾಗಿ ತೆಗೆದಿಡುವ ದಾರಿ ತೆರೆಯುತ್ತದೆ. ಚೀಲದಲ್ಲಿರುವ ಸಂರಕ್ಷಕಕ್ಕೆ ತಕ್ಕಂತೆ ಅದು ಶೀತಕದಲ್ಲಿ 35ರಿಂದ 42 ದಿನ ಇರುತ್ತದೆ. ಕೊನೆಯ ಸಲ ತೆಗೆಯುವುದಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ ಕನಿಷ್ಠ 72 ಗಂಟೆ ಇರಬೇಕು. ಆದರೆ ತೆಗೆದ ಪ್ರತಿ ಯೂನಿಟ್‌ಗೂ ಅವರ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಇಳಿಯುತ್ತದೆ. ಕಷ್ಟಪಟ್ಟು ಏರಿಸಿದ್ದನ್ನು ಮತ್ತೆ ಇಳಿಸಿ ಮೇಜಿನ ಮೇಲೆ ಮಲಗಿಸಿದಂತಾಗಬಾರದು. ನನ್ನ ಅಭಿಪ್ರಾಯ ಕೇಳಿದರೆ, ಗಡ್ಡೆಗಳು ತೀರಾ ದೊಡ್ಡವಲ್ಲದಿದ್ದರೆ ತೆಗೆದಿಡುವುದಕ್ಕಿಂತ 12ರ ಆಸುಪಾಸಿನ ಹಿಮೋಗ್ಲೋಬಿನ್ ಜೊತೆಗೆ ಶಸ್ತ್ರಚಿಕಿತ್ಸೆಗೆ ಹೋಗುವುದೇ ಮೇಲು. ಗಡ್ಡೆಗಳು ದೊಡ್ಡವಾಗಿದ್ದು ಹೆಚ್ಚು ರಕ್ತ ಹೋಗುವ ಸಂಭವವಿದ್ದರೆ ತೆಗೆದಿಡುವುದಕ್ಕೆ ಅರ್ಥವಿದೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಬಗ್ಗೆಯೂ, ಶಸ್ತ್ರಚಿಕಿತ್ಸೆಯಲ್ಲಿ ಹರಿದ ರಕ್ತವನ್ನೇ ತೊಳೆದು ಮರಳಿಸುವ ಯಂತ್ರ ಅಲ್ಲಿದೆಯೇ ಎಂಬ ಬಗ್ಗೆಯೂ ಅರಿವಳಿಕೆ ತಜ್ಞರ ಜೊತೆ ಮೊದಲೇ ಮಾತಾಡಿ.

ಒಂದು ಸಲಹೆ ನಿಮಗೆ ಎಲ್ಲಾದರೂ ಬರಬಹುದು: ಸ್ಟೀರಾಯ್ಡ್ ಮತ್ತು ಅಲರ್ಜಿಯ ಚುಚ್ಚುಮದ್ದು ಕೊಟ್ಟು ಓ ರಕ್ತವನ್ನೇ ಏರಿಸಿಬಿಡೋಣ ಎಂದು. ಒಪ್ಪಬೇಡಿ. ಆ ಔಷಧಿಗಳು ತುರಿಕೆ, ದದ್ದುಗಳಂಥ ಸಣ್ಣ ಪ್ರತಿಕ್ರಿಯೆಗಳಿಗೆ. ಎಚ್ ವಿರುದ್ಧದ ಪ್ರತಿಕಾಯ ಕಣ ಒಡೆಯುವುದನ್ನು ಅವು ತಡೆಯುವುದಿಲ್ಲ.

ಪ್ಲಾಸ್ಮಾ ಬೇಕಾಗಿ ಬಂದರೆ ಹೆದರಬೇಕಿಲ್ಲ. ಅಲ್ಲಿ ಲೆಕ್ಕ ತಿರುಗಾಮುರುಗಾ. ಬೇರೆಯವರ ಪ್ಲಾಸ್ಮಾದಲ್ಲಿರುವ ಎ ಅಥವಾ ಬಿ ಪ್ರತಿಕಾಯಗಳಿಗೆ ನಿಮ್ಮ ತಾಯಿಯ ಕಣಗಳ ಮೇಲೆ ಗುರಿಯೇ ಇಲ್ಲದ ಕಾರಣ ಯಾವ ಗುಂಪಿನ ಪ್ಲಾಸ್ಮಾ ಆದರೂ ಅವರಿಗೆ ಹೊಂದುತ್ತದೆ. ಹುಡುಕಬೇಕಾದದ್ದು ಕೆಂಪು ಕಣಗಳನ್ನು ಮಾತ್ರ.

ಅದಕ್ಕೆ ಬಾಂಬೆ ಗುಂಪಿನ ದಾನಿಗಳ ಪಟ್ಟಿಗಳಿವೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಅಂಥ ಪಟ್ಟಿಯೊಂದನ್ನು ನಡೆಸುತ್ತದೆ, ನಾನು ಮೇಲೆ ಹೇಳಿದ ಮುಂಬೈಯ ಸಂಸ್ಥೆಯಲ್ಲೂ ಅಪರೂಪದ ದಾನಿಗಳ ದಾಖಲೆ ಇದೆ. ನೀವೇ ವಾಟ್ಸ್‌ಆ್ಯಪ್‌ನಲ್ಲಿ ಮನವಿ ಹರಡುವುದಕ್ಕಿಂತ ನಿಮ್ಮ ರಕ್ತನಿಧಿಯ ವೈದ್ಯರ ಮೂಲಕವೇ ಕೇಳಿಸಿ. ಯಾವ ಊರಿನಲ್ಲಿ ರಕ್ತ ತೆಗೆಯುವುದು, ಶೀತ ಕೆಡದಂತೆ ಶಿರಸಿಗೆ ಹೇಗೆ ತರುವುದು ಎಂಬುದನ್ನು ಎರಡು ರಕ್ತನಿಧಿಗಳು ಮಾತಾಡಿಕೊಂಡರೆ ಕೆಲಸ ಸಲೀಸು. ಬಂದ ಚೀಲವನ್ನು ‘ಬಾಂಬೆ’ ಎಂಬ ಹೆಸರು ನೋಡಿ ಏರಿಸಬಾರದು. ನಿಮ್ಮ ತಾಯಿಯ ಹೊಸ ಮಾದರಿಯೊಂದಿಗೆ ಅದನ್ನೂ ಕ್ರಾಸ್ ಮ್ಯಾಚ್ ಮಾಡಲೇಬೇಕು.

ತಮ್ಮನದೋ ಚಿಕ್ಕಮ್ಮನದೋ ಸೋದರಮಾವನದೋ ರಕ್ತ ಹೊಂದಿ ಸಿಕ್ಕರೆ, ಏರಿಸುವ ಮೊದಲು ಆ ಚೀಲಕ್ಕೆ ವಿಕಿರಣ ಕೊಡಿಸಬೇಕು. ಹತ್ತಿರದ ರಕ್ತಸಂಬಂಧಿಯ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಉಳಿಸಿಕೊಂಡುಬಿಡಬಹುದು. ಹಾಗೆ ಉಳಿದವು ರೋಗಿಯ ಚರ್ಮ, ಕರುಳು, ಮೂಳೆಮಜ್ಜೆಯ ಮೇಲೆ ತಿರುಗಿ ಬೀಳುತ್ತವೆ. ಇದು ಅಪರೂಪ, ಆದರೆ ಬಂದರೆ ಉಳಿಯುವವರು ಬಹಳ ಕಡಿಮೆ. ವಿಕಿರಣ ಕೊಡುವ ಯಂತ್ರ ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಗುಂಪು ಖಚಿತವಾಗಿ, ಹಿಮೋಗ್ಲೋಬಿನ್ ಏರಿ, ಚೀಲ ಬೇಕಿದ್ದಲ್ಲಿ ಅದೂ ರಕ್ತನಿಧಿಗೆ ಬಂದು ಸೇರಿದ ಮೇಲೆಯೇ ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತುಮಾಡಿಸಿ.